48V ಒತ್ತಿದರೆ ಇಂಟರ್‌ಫೇಸ್ ಆರುತ್ತದೆ, ದನಿ ಎರಡೆರಡು ಸಲ ಕೇಳುತ್ತದೆ: ಫೋನಿಗೆ ಮೈಕ್ ಜೋಡಿಸುವ ಬಗೆ

ಪ್ರಶ್ನೆ: ನಮಸ್ಕಾರ ಸರ್. ನಾನು ಸುಗಮ ಸಂಗೀತ ಹಾಡುತ್ತೇನೆ. ಲ್ಯಾಪ್‌ಟಾಪ್ ಇಲ್ಲ, ಆಂಡ್ರಾಯ್ಡ್ ಫೋನ್ ಮಾತ್ರ ಇದೆ. ಒಂದು ಕಂಡೆನ್ಸರ್ ಮೈಕ್, ಎರಡು ಇನ್‌ಪುಟ್ ಇರುವ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ ಕೊಂಡೆ. ಫೋನಿಗೆ ಚುಚ್ಚಿದರೆ ಇಂಟರ್‌ಫೇಸ್ ದೀಪ ಹತ್ತುತ್ತದೆ, ಆದರೆ 48V ಬಟನ್ ಒತ್ತಿದ ಕೂಡಲೇ ಆರಿ ಮತ್ತೆ ಹತ್ತುತ್ತದೆ. ಹೇಗೋ ಕೆಲಸ ಮಾಡಿದಾಗಲೂ ಹೆಡ್‌ಫೋನಿನಲ್ಲಿ ನನ್ನ ದನಿ ಎರಡೆರಡು ಸಲ ಕೇಳುತ್ತದೆ. ಟ್ರ್ಯಾಕ್ ಹಾಕಿಕೊಂಡು ಹಾಡಿದರೆ ಆಮೇಲೆ ಕೇಳುವಾಗ ತಾಳ ತಪ್ಪಿದ ಹಾಗೆ ಇರುತ್ತದೆ, ದನಿಯೂ ಎಡಗಿವಿಯಲ್ಲಿ ಮಾತ್ರ. ಅಂಗಡಿಯವರು ಬೇರೆ ಅಡಾಪ್ಟರ್ ತಗೊಳ್ಳಿ ಅಂತಾರೆ. ಯಾವುದು ತಗೊಳ್ಳಲಿ?

ಉತ್ತರ: ಸದ್ಯಕ್ಕೆ ಯಾವ ಅಡಾಪ್ಟರೂ ಬೇಡ. ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಮೈಕ್ ಕೇಬಲ್ ಕಳಚಿ, 48V ಆಫ್ ಇಟ್ಟು, ಇಂಟರ್‌ಫೇಸನ್ನು ಫೋನಿಗೆ ಜೋಡಿಸಿ, ಫೋನಿನಲ್ಲಿ ಯಾವುದಾದರೂ ಹಾಡು ಹಾಕಿ. ಇಂಟರ್‌ಫೇಸಿಗೆ ಚುಚ್ಚಿದ ಹೆಡ್‌ಫೋನಿನಲ್ಲಿ ಹಾಡು ಐದು ನಿಮಿಷ ತಡೆಯಿಲ್ಲದೆ ಕೇಳಿದರೆ ಫೋನ್ ಇಂಟರ್‌ಫೇಸನ್ನು ಗುರುತಿಸಿದೆ, ಕೇಬಲ್ ಸರಿ ಇದೆ ಎಂದರ್ಥ. ಆಮೇಲೆ ಹಾಡು ಓಡುತ್ತಿರುವಾಗಲೇ ಹೆಡ್‌ಫೋನಿನ ವಾಲ್ಯೂಮ್ ಪೂರಾ ಇಳಿಸಿ 48V ಒತ್ತಿ. ಆಗಲೇ ದೀಪ ಆರಿ ಹಾಡು ನಿಂತರೆ, ಇಲ್ಲವೇ ಫೋನಿನ ಸ್ಪೀಕರಿಗೆ ಹಾರಿದರೆ ತೊಂದರೆ ಕರೆಂಟಿನದು. ನೀವು ಬರೆದ ಲಕ್ಷಣ ನೋಡಿದರೆ ಅದೇ ಆಗುತ್ತದೆ ಎಂದು ನನಗೆ ಬಹುಮಟ್ಟಿಗೆ ಖಾತ್ರಿ.

ಕಾರಣ ಹೀಗಿದೆ. ಇಂಟರ್‌ಫೇಸಿಗೆ ತನ್ನದೇ ಬ್ಯಾಟರಿ ಇಲ್ಲ, ಅದು ಫೋನಿನ ಬ್ಯಾಟರಿಯಿಂದ ಉಣ್ಣುತ್ತದೆ. ಯುಎಸ್‌ಬಿ 2.0 ಲೆಕ್ಕದಲ್ಲಿ ಒಂದು ಪೋರ್ಟು ಕೊಡಬೇಕಾದದ್ದು 5 ವೋಲ್ಟ್, 500 ಮಿಲಿಆಂಪ್, ಅಂದರೆ ಎರಡೂವರೆ ವಾಟ್. ಲ್ಯಾಪ್‌ಟಾಪಿಗೆ ಇದು ಏನೂ ಅಲ್ಲ. ಫೋನು ಮಾತ್ರ ತನ್ನ ಬ್ಯಾಟರಿ ಉಳಿಸಿಕೊಳ್ಳಲು ನೋಡುತ್ತದೆ, ಕೆಲವು ಫೋನುಗಳು ಅಷ್ಟನ್ನೂ ಕೊಡುವುದಿಲ್ಲ. ಈಗ ನಿಮ್ಮ ಇಂಟರ್‌ಫೇಸ್ ಸುಮ್ಮನೆ ಕೂತಿರುವಾಗಲೇ 400 ಮಿಲಿಆಂಪ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ಕಂಡೆನ್ಸರ್ ಮೈಕಿಗೆ ಬೇಕಾದ ಫ್ಯಾಂಟಮ್ ಪವರ್ 48 ವೋಲ್ಟು. ಮೈಕ್ 3 ಮಿಲಿಆಂಪ್ ಎಳೆದರೂ ಅದು ಸುಮಾರು 0.15 ವಾಟ್ ಅಷ್ಟೇ. ಆದರೆ 5 ವೋಲ್ಟನ್ನು 48ಕ್ಕೆ ಏರಿಸುವ ಸರ್ಕ್ಯೂಟು ಒಂದಿಷ್ಟನ್ನು ತಾನೇ ತಿನ್ನುತ್ತದೆ, ಹಾಗಾಗಿ ಫೋನಿನ ಕಡೆಯಿಂದ 40-50 ಮಿಲಿಆಂಪ್ ಹೆಚ್ಚುವರಿ ಹೋಗುತ್ತದೆ. ಅದಕ್ಕಿಂತ ಕೆಟ್ಟದ್ದು ಬಟನ್ ಒತ್ತಿದ ಆ ಕ್ಷಣ: ಖಾಲಿ ಇದ್ದ ಕೆಪಾಸಿಟರುಗಳು ಒಮ್ಮೆಲೇ ತುಂಬಿಕೊಳ್ಳಲು ಹೊರಟು ಎಳೆತ ಇನ್ನೂ ಜಾಸ್ತಿಯಾಗುತ್ತದೆ. ಊರಲ್ಲಿ ಪಂಪ್‌ಸೆಟ್ ಶುರುವಾದಾಗ ಮನೆಯ ಬಲ್ಬು ಮಂಕಾಗುತ್ತದಲ್ಲ, ಹಾಗೆ 5 ವೋಲ್ಟ್ ಕುಸಿಯುತ್ತದೆ. ಇಂಟರ್‌ಫೇಸಿನ ಒಳಗಿನ ಚಿಪ್ ರೀಸೆಟ್ ಆಗುತ್ತದೆ, ಫೋನು ಸಂಪರ್ಕ ಕಡಿದು ಮತ್ತೆ ಜೋಡಿಸುತ್ತದೆ. ನೀವು ನೋಡುತ್ತಿರುವ ‘ಆರಿ ಮತ್ತೆ ಹತ್ತುವುದು’ ಇದೇ. ನಿಮ್ಮ ಮಾಡೆಲ್ ನಿಜಕ್ಕೂ ಎಷ್ಟು ಎಳೆಯುತ್ತದೆ ಎಂಬುದು ಅದರ ಕೈಪಿಡಿಯಲ್ಲೇ ಇರುತ್ತದೆ. 500ರ ಹತ್ತಿರ ಅಥವಾ ಅದಕ್ಕಿಂತ ಹೆಚ್ಚು ಬರೆದಿದ್ದರೆ ಫೋನಿನಿಂದ ನೇರವಾಗಿ ನಡೆಸುವ ಆಸೆ ಬಿಡಿ.

ಕರೆಂಟ್ ಕೊರತೆ ಯಾವಾಗಲೂ ಇಷ್ಟು ನೇರವಾಗಿ ಕಾಣಿಸಿಕೊಳ್ಳುವುದಿಲ್ಲ. ಹೆಡ್‌ಫೋನ್ ವಾಲ್ಯೂಮ್ ಏರಿಸಿದಾಗ ಮಾತ್ರ ಚಟಪಟ ಸದ್ದು ಬರುವುದು, ತಾರಕದಲ್ಲಿ ಜೋರಾಗಿ ಹಾಡಿದಾಗಷ್ಟೇ ರೆಕಾರ್ಡಿಂಗ್ ನಿಂತುಹೋಗುವುದು, ಫೋನ್ ಚಾರ್ಜು ಇಳಿದ ಮೇಲೆ ಮಾತ್ರ ತೊಂದರೆ ಶುರುವಾಗುವುದು, ಇವೆಲ್ಲ ಬಹುತೇಕ ಅದೇ ರೋಗ. ಜನ ಇದನ್ನು ಮೈಕ್ ಕೆಟ್ಟಿದೆ ಎಂದುಕೊಂಡು ಮೈಕ್ ಬದಲಾಯಿಸುತ್ತಾರೆ.

ಅಂಗಡಿಯವರು ಹೇಳುತ್ತಿರುವುದು 3.5 ಎಂಎಂ ಅಡಾಪ್ಟರ್ ಆಗಿದ್ದರೆ ಅದು ನಿಮಗೆ ಸಂಬಂಧವೇ ಇಲ್ಲದ ಸಾಮಾನು. ಅದು ಕಾಲರ್ ಮೈಕ್ ಇರುವವರಿಗೆ. ಕ್ಯಾಮೆರಾಗೆಂದು ಬಂದ ಮೈಕಿನ ಪಿನ್ನಿನಲ್ಲಿ ಎರಡು ಕಪ್ಪು ಪಟ್ಟಿ ಇರುತ್ತದೆ, ಫೋನಿನ ಇಯರ್‌ಫೋನ್ ಪಿನ್ನಿನಲ್ಲಿ ಮೂರು. ಫೋನು ಮೈಕನ್ನು ಹುಡುಕುವುದು ಪಿನ್ನಿನ ಬುಡದ ನಾಲ್ಕನೆಯ ತುಂಡಿನಲ್ಲಿ. ಎರಡು ಪಟ್ಟಿಯ ಪಿನ್ನಿನಲ್ಲಿ ಆ ಜಾಗ ಅರ್ಥಿಂಗಿಗೆ ಸೇರಿರುತ್ತದೆ, ಹಾಗಾಗಿ ಅದನ್ನು ನೇರವಾಗಿ ಚುಚ್ಚಿದರೆ ಫೋನು ತನ್ನ ಸ್ವಂತ ಮೈಕಿನಲ್ಲೇ ರೆಕಾರ್ಡ್ ಮಾಡುತ್ತಾ ಹೋಗುತ್ತದೆ. ಅವರಿಗೆ ಎರಡು ಪಟ್ಟಿಯ ಟಿಆರ್‌ಎಸ್‌ನಿಂದ ಮೂರು ಪಟ್ಟಿಯ ಟಿಆರ್‌ಆರ್‌ಎಸ್‌ಗೆ ಬದಲಿಸುವ ಅಡಾಪ್ಟರ್ ಬೇಕೇ ಬೇಕು. ನಿಮ್ಮ ಕಂಡೆನ್ಸರ್ ಮೈಕಿಗೆ ಆ ದಾರಿ ನಡೆಯದು. ಫೋನಿನ ಆ ಜಾಕಿನಲ್ಲಿ ಬರುವುದು ಎರಡು ವೋಲ್ಟಿನ ಆಸುಪಾಸು, ನಿಮ್ಮ ಮೈಕ್ ಕೇಳುವುದು 48.

ಇನ್ನು ಕೇಬಲ್. ನಿಮ್ಮದು ಹೇಗೂ ಗುರುತಿಸುತ್ತಿದೆ, ಆದರೂ ಇದನ್ನು ಓದುವ ಬೇರೆಯವರಿಗಾಗಿ ಒಂದು ಮಾತು. ಫೋನ್ ಸಿ, ಇಂಟರ್‌ಫೇಸ್ ಸಿ, ಆದ್ದರಿಂದ ಸಿ-ಟು-ಸಿ ಕೇಬಲ್ ಸಾಕು ಎಂದು ಅನಿಸುತ್ತದೆ. ಆದರೆ ಸಿ ಪೋರ್ಟಿನಲ್ಲಿ ಯಾರು ಯಜಮಾನ, ಯಾರು ಸಾಧನ ಎಂಬುದನ್ನು ಎರಡೂ ಕಡೆಯವರು ಒಂದು ಸಣ್ಣ ರೆಸಿಸ್ಟರ್ ನೋಡಿ ತೀರ್ಮಾನಿಸುತ್ತಾರೆ. ಅಗ್ಗದ ಕೆಲವು ಇಂಟರ್‌ಫೇಸುಗಳಲ್ಲಿ ಆ 5.1 ಕಿಲೋಓಮ್ ರೆಸಿಸ್ಟರನ್ನೇ ಹಾಕಿರುವುದಿಲ್ಲ. ಆಗ ಸಿ-ಟು-ಸಿ ಕೇಬಲಿನಲ್ಲಿ ದೀಪವೂ ಹತ್ತುವುದಿಲ್ಲ. ಅದೇ ಇಂಟರ್‌ಫೇಸನ್ನು ಅದರ ಜೊತೆ ಬಂದ ಎ-ಟು-ಸಿ ಕೇಬಲಿಗೆ ಹಾಕಿ, ಎ ತುದಿಗೆ ಒಟಿಜಿ ಅಡಾಪ್ಟರ್ ಸಿಕ್ಕಿಸಿ ಫೋನಿಗೆ ಚುಚ್ಚಿದರೆ ಸಲೀಸಾಗಿ ನಡೆಯುತ್ತದೆ. ಒಪ್ಪೋ, ವಿವೋ, ರಿಯಲ್‌ಮಿ, ಒನ್‌ಪ್ಲಸ್‌ನ ಹಲವು ಫೋನುಗಳಲ್ಲಿ ಒಟಿಜಿಯನ್ನು ಸೆಟ್ಟಿಂಗ್ಸ್‌ನಲ್ಲಿ ಕೈಯಾರೆ ಆನ್ ಮಾಡಬೇಕು. ಹತ್ತು ನಿಮಿಷ ಏನೂ ಜೋಡಿಸದಿದ್ದರೆ ಅದು ತಾನೇ ಆಫ್ ಆಗುತ್ತದೆ. ನಿನ್ನೆ ನಡೆದದ್ದು ಇವತ್ತು ನಡೆಯುವುದಿಲ್ಲ ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ಇದೇ.

ಈಗ ಕರೆಂಟಿನ ಪರಿಹಾರ. ಮೊದಲು ಇಂಟರ್‌ಫೇಸಿನ ಹಿಂಬದಿ ನೋಡಿ. ಕೆಲವದರಲ್ಲಿ ಡೇಟಾ ಪೋರ್ಟಿನ ಪಕ್ಕದಲ್ಲಿ 5V DC ಎಂದು ಬರೆದ ಇನ್ನೊಂದು ಪೋರ್ಟ್ ಇರುತ್ತದೆ. ಯಮಾಹಾದ AG03MK2 ಅಂಥದ್ದು, ಫೋನು ಟ್ಯಾಬ್ಲೆಟ್ ಬಳಸುವವರಿಗೆಂದೇ ಆ ಪೋರ್ಟ್ ಕೊಟ್ಟಿದ್ದಾರೆ. ನಿಮ್ಮದರಲ್ಲೂ ಇದ್ದರೆ ಅಲ್ಲಿಗೆ ಒಂದು ಪವರ್ ಬ್ಯಾಂಕ್ ಸಿಕ್ಕಿಸಿ, ಮಾತು ಮುಗಿಯಿತು. ಇಂಟರ್‌ಫೇಸ್ ಪವರ್ ಬ್ಯಾಂಕಿನಿಂದ ಉಣ್ಣುತ್ತದೆ, ಫೋನು ಡೇಟಾ ಮಾತ್ರ ನೋಡಿಕೊಳ್ಳುತ್ತದೆ.

ಆ ಪೋರ್ಟ್ ಇಲ್ಲದಿದ್ದರೆ ನಡುವೆ ಒಂದು ಹಬ್ ಬೇಕು. ಯುಎಸ್‌ಬಿ ಸಿ ಹಬ್ ಕೊಳ್ಳಿ, ಅದರಲ್ಲಿ ಪಿಡಿ ಇನ್‌ಪುಟ್, ಅಂದರೆ ಚಾರ್ಜರ್ ಸಿಕ್ಕಿಸಲು ಪ್ರತ್ಯೇಕ ಸಿ ಪೋರ್ಟ್ ಇರಬೇಕು. ಹಬ್ಬಿನ ಬಾಲ ಫೋನಿಗೆ, ಇಂಟರ್‌ಫೇಸ್ ಹಬ್ಬಿನ ಎ ಪೋರ್ಟಿಗೆ, ಪವರ್ ಬ್ಯಾಂಕ್ ಪಿಡಿ ಪೋರ್ಟಿಗೆ. ಹೀಗೆ ಜೋಡಿಸಿದಾಗ ಇಂಟರ್‌ಫೇಸಿಗೆ ಬೇಕಾದ ಕರೆಂಟು ಹೊರಗಿನಿಂದ ಬರುತ್ತದೆ, ಜೊತೆಗೆ ಫೋನೂ ಚಾರ್ಜ್ ಆಗುತ್ತಿರುತ್ತದೆ. ಇದರ ಅರ್ಧ ಬೆಲೆಗೆ ‘ಒಟಿಜಿ ಪ್ಲಸ್ ಚಾರ್ಜಿಂಗ್’ ಎಂದು ಮಾರುವ ಕವಲು ಕೇಬಲುಗಳೂ ಸಿಗುತ್ತವೆ. ಅವುಗಳ ಮೇಲೆ ನನಗೆ ನಂಬಿಕೆ ಇಲ್ಲ. ಎಷ್ಟೋ ಫೋನುಗಳಲ್ಲಿ ಒಂದೋ ಚಾರ್ಜ್ ಆಗುತ್ತದೆ, ಇಲ್ಲವೇ ಒಟಿಜಿ ನಡೆಯುತ್ತದೆ, ಎರಡೂ ಒಟ್ಟಿಗೆ ಇಲ್ಲ.

ಜೋಡಿಸುವ ಕ್ರಮವೂ ಮುಖ್ಯ. ಮೊದಲು ಹಬ್ಬಿಗೆ ಪವರ್ ಬ್ಯಾಂಕ್, ಆಮೇಲೆ ಇಂಟರ್‌ಫೇಸ್, ಕೊನೆಗೆ ಫೋನ್. ರೆಕಾರ್ಡ್ ಓಡುತ್ತಿರುವಾಗ ಚಾರ್ಜರನ್ನು ಸಿಕ್ಕಿಸುವುದಾಗಲಿ ಕೀಳುವುದಾಗಲಿ ಮಾಡಬೇಡಿ. ಆ ಕ್ಷಣದಲ್ಲಿ ಕರೆಂಟು ಕೊಡುವವರು ಯಾರು ಎಂಬುದನ್ನು ಫೋನು ಮತ್ತು ಹಬ್ ಹೊಸದಾಗಿ ನಿಶ್ಚಯಿಸುತ್ತವೆ, ಆ ಗಡಿಬಿಡಿಯಲ್ಲಿ ಯುಎಸ್‌ಬಿ ಕಡಿದು ಹಾಡು ಅರ್ಧಕ್ಕೆ ಹೋಗುತ್ತದೆ. ಗೋಡೆಯ ಚಾರ್ಜರ್ ಬೇಡ, ಪವರ್ ಬ್ಯಾಂಕ್ ಬಳಸಿ ಎನ್ನುವುದಕ್ಕೆ ಇದೇ ಮೊದಲ ಕಾರಣ: ಚರಣದ ನಡುವೆ ಕರೆಂಟ್ ಹೋದರೆ ಚಾರ್ಜರ್ ಕಿತ್ತಷ್ಟೇ ಆಯಿತು. ಎರಡನೆಯ ಕಾರಣ ಗುಂಯ್‌ಗುಡುವ ಸದ್ದು. ಎರಡು ಪಿನ್ನಿನ ಚಾರ್ಜರಿಗೆ ಅರ್ಥಿಂಗ್ ಇರುವುದಿಲ್ಲ, ಅದರಿಂದ ಸೋರುವ ಅಲ್ಪ ಕರೆಂಟು ಮೈಕಿನ ದಾರಿಯಲ್ಲಿ ಗುಂಯ್‌ಕಾರವಾಗಿ ಕೇಳಿಸುತ್ತದೆ. ಇಂಟರ್‌ಫೇಸಿನ ಲೋಹದ ಮೈ ಮುಟ್ಟಿದಾಗ ಸದ್ದು ಕಡಿಮೆಯಾದರೆ, ಅಥವಾ ಚಾರ್ಜರ್ ಕಿತ್ತಾಗ ಪೂರ್ತಿ ನಿಂತರೆ, ತಪ್ಪು ಮೈಕಿನದಲ್ಲ.

ಕರೆಂಟ್ ಸರಿಹೋದ ಮೇಲೆ 48V ಒತ್ತುವ ರೀತಿ: ಗೇನ್ ಮತ್ತು ಹೆಡ್‌ಫೋನ್ ಎರಡನ್ನೂ ಇಳಿಸಿ, ಮೈಕ್ ಕೇಬಲ್ ಸಿಕ್ಕಿಸಿ, ಬಟನ್ ಒತ್ತಿ, ಕೆಲವು ಸೆಕೆಂಡು ಬಿಟ್ಟು ಗೇನ್ ಏರಿಸಿ. ನಿಮ್ಮ ಹಾಡಿನ ಅತಿ ಜೋರಾದ ಸಾಲನ್ನು ಹಾಡಿ ನೋಡಿ, ಮೀಟರಿನ ಏರಿಕೆ ಮೈನಸ್ 12 ಡೆಸಿಬಲ್ ಆಸುಪಾಸಿನಲ್ಲಿ ನಿಲ್ಲಲಿ. ಸಣ್ಣ ದನಿಯಲ್ಲಿ ಪಲ್ಲವಿ ಹಾಡಿ ಗೇನ್ ಇಟ್ಟುಕೊಂಡವರು ಚರಣದಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ.

ಇಷ್ಟಾದ ಮೇಲೆ ರೆಕಾರ್ಡ್ ಮಾಡುವ ಆ್ಯಪ್ ನಿಜಕ್ಕೂ ಈ ಮೈಕನ್ನೇ ಬಳಸುತ್ತಿದೆಯೇ ಎಂದು ನೋಡಿಕೊಳ್ಳಿ. ರೆಕಾರ್ಡ್ ಹಾಕಿ ಮೊದಲು ಫೋನಿನ ತಳವನ್ನು ಉಗುರಿನಿಂದ ಕೆರೆಯಿರಿ, ಆಮೇಲೆ ಮೈಕಿನ ಸ್ಟ್ಯಾಂಡನ್ನು ಮೆಲ್ಲಗೆ ತಟ್ಟಿ. ಯಾವ ಸದ್ದು ದೊಡ್ಡದಾಗಿ ದಾಖಲಾಗಿದೆಯೋ ಆ ಮೈಕ್ ಬಳಕೆಯಲ್ಲಿದೆ. ವೀಡಿಯೋ ಮಾಡುವವರು ಇದನ್ನು ಖಂಡಿತ ಮಾಡಬೇಕು, ಏಕೆಂದರೆ ಹಲವು ಫೋನುಗಳ ಸ್ವಂತ ಕ್ಯಾಮೆರಾ ಆ್ಯಪ್ ಯುಎಸ್‌ಬಿ ಮೈಕನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. Open Camera ಎಂಬ ಉಚಿತ ಆ್ಯಪಿನಲ್ಲಿ ವೀಡಿಯೋ ಸೆಟ್ಟಿಂಗ್ಸ್ ಒಳಗೆ ಆಡಿಯೋ ಮೂಲವನ್ನು ಹೊರಗಿನ ಮೈಕಿಗೆ ಬದಲಿಸಬಹುದು. ಯಾವ ಆ್ಯಪಿನಲ್ಲೂ ಇಂಟರ್‌ಫೇಸ್ ಕಾಣದಿದ್ದರೆ, ಫೋನಿನ ಡೆವಲಪರ್ ಆಯ್ಕೆಗಳಲ್ಲಿ Disable USB audio routing ಎಂಬುದು ಆನ್ ಆಗಿ ಕೂತಿದೆಯೇ ನೋಡಿ. ಆಗಿದ್ದರೆ ಆಫ್ ಮಾಡಿ.

ಇನ್ನು ದನಿ ಎರಡೆರಡು ಸಲ ಕೇಳುವ ವಿಷಯ. ನಿಮ್ಮ ಕಿವಿಗೆ ದನಿ ಎರಡು ದಾರಿಯಲ್ಲಿ ಬರುತ್ತಿದೆ. ಒಂದು ದಾರಿ ಇಂಟರ್‌ಫೇಸಿನ ಒಳಗಿನದು: ಮೈಕಿನಿಂದ ಬಂದದ್ದು ಅಲ್ಲಿಂದಲೇ ಹೆಡ್‌ಫೋನಿಗೆ ಹೋಗುತ್ತದೆ, ತಡ ಎನ್ನುವಂಥದ್ದೇ ಇಲ್ಲ. ಇದು ಇಂಟರ್‌ಫೇಸಿನ ಮೇಲೆ ಡೈರೆಕ್ಟ್ ಮಾನಿಟರ್ ಎಂದು ಬರೆದ ಬಟನ್ನಿನ ಕೆಲಸ. ಇನ್ನೊಂದು ದಾರಿ ಉದ್ದದ್ದು: ದನಿ ಅಂಕಿಗಳಾಗಿ ಯುಎಸ್‌ಬಿಯಲ್ಲಿ ಫೋನಿಗೆ ಹೋಗಿ, ಆ್ಯಪನ್ನು ಹೊಕ್ಕು, ಅದೇ ಯುಎಸ್‌ಬಿಯಲ್ಲಿ ಹಿಂತಿರುಗಿ, ಮತ್ತೆ ದನಿಯಾಗಿ ಹೆಡ್‌ಫೋನಿಗೆ ಬರುತ್ತದೆ. ಆ್ಯಪಿನಲ್ಲಿ ಮಾನಿಟರ್ ಆನ್ ಇದ್ದರೆ ಈ ದಾರಿ ತೆರೆದಿರುತ್ತದೆ. ನಿಮ್ಮಲ್ಲಿ ಎರಡೂ ಆನ್ ಇವೆ. ಆ್ಯಪಿನದನ್ನು ಆಫ್ ಮಾಡಿ, ಎರಡನೆಯ ದನಿ ಹೋಗುತ್ತದೆ.

ಆ್ಯಪಿನ ದಾರಿಯನ್ನೇ ಇಟ್ಟುಕೊಂಡು ಡೈರೆಕ್ಟ್ ಮಾನಿಟರ್ ಆಫ್ ಮಾಡಬಾರದೇ ಎಂದು ಕೇಳಬಹುದು. ಫೋನು ದನಿಯನ್ನು ಹನಿಹನಿಯಾಗಿ ಹೊತ್ತೊಯ್ಯುವುದಿಲ್ಲ, ಒಂದು ಬಫರ್ ತುಂಬುವವರೆಗೆ ಕಾಯುತ್ತದೆ. ಸೆಕೆಂಡಿಗೆ 48,000 ಸ್ಯಾಂಪಲ್ ಲೆಕ್ಕದಲ್ಲಿ 256 ಸ್ಯಾಂಪಲ್ಲಿನ ಬಫರ್ ತುಂಬಲು 5.3 ಮಿಲಿಸೆಕೆಂಡ್ ಬೇಕು, 1,024ರದ್ದಕ್ಕೆ 21.3. ಹೋಗುವಾಗ ಒಂದು, ಬರುವಾಗ ಒಂದು, ನಡುವೆ ಆಂಡ್ರಾಯ್ಡಿನದ್ದೇ ಒಂದೆರಡು ತಂಗುದಾಣ. ಹೀಗೆ ಹಲವು ಫೋನುಗಳಲ್ಲಿ ಒಟ್ಟು 40 ಮಿಲಿಸೆಕೆಂಡ್ ದಾಟುವುದು ಸಾಮಾನ್ಯ. ಗಾಳಿಯಲ್ಲಿ ಸದ್ದು ಒಂದು ಮೀಟರ್ ಹೋಗಲು ಸುಮಾರು 3 ಮಿಲಿಸೆಕೆಂಡ್ ಹಿಡಿಯುತ್ತದೆ. ಅಂದರೆ ನಿಮ್ಮ ದನಿ ಹದಿಮೂರು ಮೀಟರ್ ಆಚೆಯಿಂದ ಕೇಳಿದಂತೆ. ವಾದ್ಯದವರು ಸಣ್ಣ ತಡವನ್ನು ಸಹಿಸಿಯಾರು, ಹಾಡುಗಾರರಿಗೆ ಕಷ್ಟ ಹೆಚ್ಚು, ಏಕೆಂದರೆ ಅವರ ದನಿ ತಲೆಬುರುಡೆಯ ಮೂಲಕ ಆಗಲೇ ಕಿವಿಗೆ ತಲುಪಿರುತ್ತದೆ. ತಡವಾಗಿ ಬಂದದ್ದು ಅದರ ಜೊತೆ ಬೆರೆತರೆ ಕೆಲವೇ ಮಿಲಿಸೆಕೆಂಡಿನ ಅಂತರವಿದ್ದರೂ ದನಿ ಪೊಳ್ಳಾಗಿ ಕೇಳುತ್ತದೆ, ಶ್ರುತಿ ಹಿಡಿಯುವುದು ಕಷ್ಟವಾಗುತ್ತದೆ. ಬ್ಲೂಟೂತ್ ಹೆಡ್‌ಫೋನಂತೂ ಬೇಡವೇ ಬೇಡ, ಅದರ ತಡವೇ ಸಾಮಾನ್ಯವಾಗಿ 100 ಮಿಲಿಸೆಕೆಂಡ್ ಮೀರುತ್ತದೆ. ತಂತಿಯ ಹೆಡ್‌ಫೋನನ್ನೂ ಫೋನಿಗಲ್ಲ, ಇಂಟರ್‌ಫೇಸಿಗೇ ಚುಚ್ಚಬೇಕು.

ಡೈರೆಕ್ಟ್ ಮಾನಿಟರಿನ ಬಗ್ಗೆ ಹಾಡುವವರ ದೂರು ಒಂದೇ: ದನಿ ಒಣಕಲಾಗಿ ಕೇಳುತ್ತದೆ, ಹಾಡಲು ಹುಮ್ಮಸ್ಸು ಬರುವುದಿಲ್ಲ. ನ್ಯಾಯವಾದ ದೂರು. ಅದಕ್ಕೊಂದು ಉಪಾಯವಿದೆ. ಆ್ಯಪಿನ ಮಾನಿಟರನ್ನು ಆನ್ ಮಾಡಿ, ಆ ಟ್ರ್ಯಾಕಿಗೆ ರಿವರ್ಬ್ ಹಾಕಿ, ರಿವರ್ಬಿನಲ್ಲಿ ಮೂಲ ದನಿಯನ್ನು ಸೊನ್ನೆಗೆ ಇಳಿಸಿ ಗುಂಗನ್ನು ಮಾತ್ರ ಬಿಡಿ. ಈಗ ನೇರ ದನಿ ಡೈರೆಕ್ಟ್ ದಾರಿಯಲ್ಲಿ ತಕ್ಷಣ ಬರುತ್ತದೆ, ಗುಂಗು ಮಾತ್ರ ತಡವಾಗಿ ಬರುತ್ತದೆ. ದೊಡ್ಡ ಸಭಾಂಗಣದಲ್ಲೂ ಗೋಡೆಗೆ ಬಡಿದು ಬರುವ ಗುಂಗು ತಡವಾಗಿಯೇ ಬರುವುದರಿಂದ ಕಿವಿಗೆ ಅದು ಸಹಜವೆನಿಸುತ್ತದೆ.

ತಾಳ ತಪ್ಪುವುದೂ ಇದೇ ತಡದ ಇನ್ನೊಂದು ಮುಖ. ಟ್ರ್ಯಾಕ್ ಫೋನಿನಿಂದ ನಿಮ್ಮ ಕಿವಿಗೆ ತಲುಪುವಾಗ ಸ್ವಲ್ಪ ತಡ, ನೀವು ಅದಕ್ಕೆ ಸರಿಯಾಗಿ ಹಾಡಿದ್ದು ಫೋನಿಗೆ ಹಿಂತಿರುಗುವಾಗ ಇನ್ನೊಂದಿಷ್ಟು ತಡ. ನೀವು ತಾಳದಲ್ಲೇ ಇದ್ದಿರಿ, ದಾಖಲಾದದ್ದು ಮಾತ್ರ ಹಿಂದೆ ಬಿತ್ತು. ಡೈರೆಕ್ಟ್ ಮಾನಿಟರ್ ಇದನ್ನು ಸರಿಪಡಿಸುವುದಿಲ್ಲ, ಅಳೆದು ತಿದ್ದಬೇಕು. ಟ್ರ್ಯಾಕನ್ನು ಯೂಟ್ಯೂಬಿನಲ್ಲಿ ಹಾಕಿ ಬೇರೆ ಆ್ಯಪಿನಲ್ಲಿ ರೆಕಾರ್ಡ್ ಮಾಡುತ್ತಿದ್ದರೆ ಅದನ್ನು ಬಿಟ್ಟು, ಟ್ರ್ಯಾಕನ್ನು ರೆಕಾರ್ಡ್ ಮಾಡುವ ಆ್ಯಪಿಗೇ ತಂದುಕೊಳ್ಳಿ. ಆಮೇಲೆ ಎರಡೂ ಮಾನಿಟರ್ ಆಫ್ ಮಾಡಿ, ಇಲ್ಲದಿದ್ದರೆ ಕೀರಲು ಸದ್ದು ಹೊಡೆಯುತ್ತದೆ. ಹೆಡ್‌ಫೋನಿನ ಒಂದು ಕಿವಿಯನ್ನು ಮೈಕಿಗೆ ಒತ್ತಿ ಹಿಡಿದು, ಆ್ಯಪಿನ ಮೆಟ್ರೊನೋಮ್ ಸದ್ದನ್ನು ಒಂದು ಟ್ರ್ಯಾಕಾಗಿ ಹಾಕಿ ಇನ್ನೊಂದರಲ್ಲಿ ರೆಕಾರ್ಡ್ ಮಾಡಿ. ಎರಡೂ ಅಲೆಗಳನ್ನು ದೊಡ್ಡದು ಮಾಡಿ ನೋಡಿದರೆ ರೆಕಾರ್ಡ್ ಆದ ‘ಟಕ್’ ಮೂಲದ ‘ಟಕ್’ಗಿಂತ ಬಲಕ್ಕೆ ಸರಿದಿರುತ್ತದೆ. ಆ ಅಂತರ 45 ಮಿಲಿಸೆಕೆಂಡ್ ಎಂದುಕೊಳ್ಳಿ, ಸೆಕೆಂಡಿಗೆ 48,000ದ ಲೆಕ್ಕದಲ್ಲಿ ಅದು 2,160 ಸ್ಯಾಂಪಲ್. ನಿಮ್ಮ ಹಾಡುಗಾರಿಕೆಯ ಟ್ರ್ಯಾಕನ್ನು ಅಷ್ಟೇ ಎಡಕ್ಕೆ ಎಳೆದರೆ ತಾಳಕ್ಕೆ ಕೂರುತ್ತದೆ. ಆ್ಯಪಿನಲ್ಲಿ ಲೇಟೆನ್ಸಿ, ಅಂದರೆ ಈ ತಡದ, ತಿದ್ದುಪಡಿಯ ಸೆಟ್ಟಿಂಗ್ ಇದ್ದರೆ ಆ ಅಂಕಿಯನ್ನು ಒಮ್ಮೆ ಅಲ್ಲಿ ತುಂಬಿ, ಪ್ರತಿಸಲ ಎಳೆಯುವ ಕೆಲಸ ಇರುವುದಿಲ್ಲ. ಆ್ಯಪ್, ಬಫರ್ ಅಥವಾ ಫೋನ್ ಬದಲಾದರೆ ಮತ್ತೆ ಅಳೆಯಬೇಕು. ಆಡಿಯೋ ಎವಲ್ಯೂಷನ್ ಮೊಬೈಲ್ ಎಂಬ ಆ್ಯಪ್ ಹಣ ಕೊಟ್ಟರೆ ತನ್ನದೇ ಯುಎಸ್‌ಬಿ ಡ್ರೈವರ್ ಕೊಡುತ್ತದೆ, ಅದು ಆಂಡ್ರಾಯ್ಡಿನ ತಂಗುದಾಣಗಳನ್ನು ಬಳಸಿಕೊಂಡು ಹೋಗುವುದಿಲ್ಲವಾದ್ದರಿಂದ ತಡವೂ ಇಳಿಯುತ್ತದೆ.

ಎಡಗಿವಿಯ ತೊಂದರೆ ತೊಂದರೆಯೇ ಅಲ್ಲ. ಒಂದನೇ ಇನ್‌ಪುಟ್ ಎಡ, ಎರಡನೆಯದು ಬಲ ಎಂದು ಇಂಟರ್‌ಫೇಸ್ ಕಳಿಸುತ್ತದೆ, ನೀವು ಒಂದರಲ್ಲೇ ಹಾಡುತ್ತಿದ್ದೀರಿ. ಆ್ಯಪಿನಲ್ಲಿ ಟ್ರ್ಯಾಕನ್ನು ಸ್ಟೀರಿಯೋ ಬದಲು ಮೋನೋ ಮಾಡಿ, ಇನ್‌ಪುಟ್ 1 ಆರಿಸಿ.

ಐಫೋನ್ ಇರುವವರಿಗೂ ಇದೇ ಲೆಕ್ಕ. 2023ರ ಐಫೋನ್ 15ರಿಂದ ಈಚೆಗೆ ಸಿ ಪೋರ್ಟ್ ಬಂದಿದೆ. ಅದಕ್ಕಿಂತ ಹಿಂದಿನ ಲೈಟ್ನಿಂಗ್ ಫೋನುಗಳಿಗೆ ಆಪಲ್‌ನ ಲೈಟ್ನಿಂಗ್ ಟು ಯುಎಸ್‌ಬಿ 3 ಕ್ಯಾಮೆರಾ ಅಡಾಪ್ಟರ್ ಬೇಕು, ಅದರ ಪಕ್ಕದಲ್ಲಿ ಚಾರ್ಜರಿಗೆಂದು ಇನ್ನೊಂದು ಪೋರ್ಟ್ ಇದೆ. ಪರದೆಯ ಮೇಲೆ Cannot Use Accessory ಎಂದು ಬಂದು, ಹೆಚ್ಚು ಪವರ್ ಬೇಕು ಎಂಬ ಸಾಲು ಕಂಡರೆ, ಆ ಪೋರ್ಟಿಗೆ ಕರೆಂಟು ಕೊಟ್ಟು ಮತ್ತೆ ಚುಚ್ಚಿ.

ಹಬ್ ಕೊಳ್ಳಲು ಹೋಗುವಾಗ ಫೋನು, ಇಂಟರ್‌ಫೇಸ್, ಮೈಕ್, ಪವರ್ ಬ್ಯಾಂಕ್ ಎಲ್ಲವನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ. ಡಬ್ಬಿಯ ಮೇಲೆ ಏನೇ ಬರೆದಿರಲಿ, ಅಂಗಡಿಯಲ್ಲೇ ಜೋಡಿಸಿ, 48V ಆನ್ ಮಾಡಿ, ಹೆಡ್‌ಫೋನ್ ವಾಲ್ಯೂಮ್ ಏರಿಸಿ ಹತ್ತು ನಿಮಿಷ ರೆಕಾರ್ಡ್ ಓಡಿಸಿ. ಓಡುವಾಗ ಫೋನಿನ ಪರದೆಯಲ್ಲಿ ಚಾರ್ಜಿಂಗ್ ಗುರುತು ಕಾಣುತ್ತಿರಬೇಕು, ರೆಕಾರ್ಡಿಂಗ್ ಎಲ್ಲೂ ಕಡಿಯಬಾರದು. ಎರಡರಲ್ಲಿ ಒಂದು ತಪ್ಪಿದರೂ ಆ ಹಬ್ ಬೇಡ, ಬೇರೆ ಮಾಡೆಲ್ ತೋರಿಸಿ ಎನ್ನಿ.